ನೂರಕ್ಕೆ 96 ಸರಿ. ತಪ್ಪಿದ ನಾಲ್ಕು ಯಾವುವು?

ಖರೀದಿ ಬಿಲ್ಲುಗಳನ್ನು ತಾನೇ ಓದಿ ಲೆಕ್ಕಪತ್ರಕ್ಕೆ ತುಂಬಿಸುವ ಸಾಫ್ಟ್‌ವೇರ್ ‘ನೂರಕ್ಕೆ 98 ನಿಖರ’ ಎಂದರೆ, ನೂರು ಬಿಲ್ಲಿನಲ್ಲಿ ಎರಡು ಮಾತ್ರ ತಪ್ಪು ಎಂದು ಕೇಳುವವರಿಗೆ ಅನ್ನಿಸುತ್ತದೆ. ಆದರೆ ಈ ಅಂಕಿ ಹೆಚ್ಚಾಗಿ ಬಿಲ್ಲುಗಳದ್ದಲ್ಲ, ಬಿಲ್ಲಿನೊಳಗಿನ ಕಾಲಂಗಳದ್ದು. ಒಂದು ಬಿಲ್ಲಿನಿಂದ ಹತ್ತು ಕಾಲಂ ತೆಗೆಯಬೇಕು, ಪ್ರತಿ ಕಾಲಮ್ಮೂ ನೂರಕ್ಕೆ 98 ಸರಿ ಎಂದಿಟ್ಟುಕೊಳ್ಳಿ. ತಪ್ಪುಗಳು ಚದುರಿ ಬಿದ್ದರೆ ನೂರರಲ್ಲಿ ಸುಮಾರು 18 ಬಿಲ್ಲುಗಳು ಒಂದಲ್ಲ ಒಂದು ಕಡೆ ಕೆಟ್ಟಿರುತ್ತವೆ.

ಹಾಗಾಗಿ ಯಂತ್ರವನ್ನು ನಂಬುವ ಮೊದಲು ಕೆಲವು ಕಚೇರಿಗಳು ಸ್ವಂತ ಪರೀಕ್ಷೆ ಮಾಡುತ್ತವೆ. ಒಂದಿಷ್ಟು ಬಿಲ್ಲು ಆರಿಸಿ, ಯಂತ್ರ ಓದಿದ್ದನ್ನೂ ಕೈಯಲ್ಲಿ ಎಂಟ್ರಿ ಮಾಡಿದ್ದನ್ನೂ ಕಾಲಂ ಕಾಲಂ ಹೋಲಿಸುತ್ತವೆ.

ಇಲ್ಲಿ ಮೊದಲ ತೊಡಕು ಕೈ ಎಂಟ್ರಿಯದ್ದೇ. ಅದೇ ಸತ್ಯ ಎಂದು ಇಟ್ಟುಕೊಂಡರೆ, ಮನುಷ್ಯ ತಪ್ಪಿ ಯಂತ್ರ ಸರಿ ಇದ್ದ ಕಡೆಯೂ ತಪ್ಪು ಯಂತ್ರದ ಖಾತೆಗೆ ಬೀಳುತ್ತದೆ. 1,450 ಎಂಬುದನ್ನು 1,540 ಎಂದು ಒತ್ತುವುದು ಪಳಗಿದ ಕೈಗೂ ಆಗುವಂಥದ್ದು. ಅಕ್ಕಪಕ್ಕದ ಅಂಕಿ ಅದಲು ಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಹಳೆಯ ಲೆಕ್ಕಿಗರು ಇಂಥ ತಪ್ಪನ್ನು ಹಿಡಿಯುತ್ತಿದ್ದುದೇ ಹೀಗೆ. ಆದ್ದರಿಂದ ಯಂತ್ರ ಏನು ಓದಿದೆ ಎಂಬುದನ್ನು ತೋರಿಸದೆ ಇಬ್ಬರಿಂದ ಬೇರೆ ಬೇರೆಯಾಗಿ ಎಂಟ್ರಿ ಮಾಡಿಸಬೇಕು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಮೂರನೆಯವರು ಮೂಲ ಬಿಲ್ಲು ತೆಗೆದು ತೀರ್ಮಾನಿಸಬೇಕು. ತೆರೆಯ ಮೇಲೆ ಉತ್ತರ ಮೊದಲೇ ತುಂಬಿದ್ದರೆ ಕಣ್ಣು ಅದನ್ನೇ ಒಪ್ಪಿಕೊಂಡು ಮುಂದೆ ಹೋಗುತ್ತದೆ.

ಎರಡನೆಯದು, ತಪ್ಪು ಎಂದು ಯಾವುದನ್ನು ಕರೆಯುವುದು? 1,18,000.00 ಮತ್ತು 118000 ಒಂದೇ ಮೊತ್ತ. ‘5-3-24’ ಮತ್ತು ‘05/03/2024’ ಒಂದೇ ದಿನ. ಇವನ್ನು ಒಂದೇ ರೂಪಕ್ಕೆ ತಂದು ಹೋಲಿಸದಿದ್ದರೆ ಇಲ್ಲದ ತಪ್ಪುಗಳು ಎದ್ದು ಕಾಣುತ್ತವೆ. ಹಾಗೆಂದು ಇನ್‌ವಾಯ್ಸ್ ನಂಬರಿನಲ್ಲಿರುವ ಸೊನ್ನೆಯನ್ನೋ ಓರೆಗೆರೆಯನ್ನೋ ಕಿತ್ತುಹಾಕಿ ಹೋಲಿಸಿದರೆ, ಇದ್ದ ತಪ್ಪೇ ಮರೆಯಾಗುತ್ತದೆ. ಖಾಲಿ ಬಿಟ್ಟದ್ದನ್ನೂ ತಪ್ಪಾಗಿ ತುಂಬಿದ್ದನ್ನೂ ಬೇರೆಬೇರೆ ಎಣಿಸಬೇಕು. ಖಾಲಿ ಜಾಗ ಎದ್ದು ಕಾಣುತ್ತದೆ, ಯಾರಾದರೂ ತುಂಬುತ್ತಾರೆ. ತಪ್ಪು ತುಂಬಿದ್ದು ಸದ್ದಿಲ್ಲದೆ ದಾಟಿಹೋಗುತ್ತದೆ.

ಲೆಕ್ಕ ಅರ್ಥವಾಗಲು ಒಂದು ಕಲ್ಪಿತ ಪರೀಕ್ಷೆಯನ್ನು ನೋಡಬಹುದು. ಕರ್ನಾಟಕದ ಒಂದು ಸಣ್ಣ ಕಾರ್ಖಾನೆ 200 ಖರೀದಿ ಬಿಲ್ಲುಗಳಿಂದ ಏಳು ಕಾಲಂ ತೆಗೆಸಿತು ಎನ್ನೋಣ: ಮಾರಿದವರ ಜಿಎಸ್‌ಟಿ ನಂಬರ್, ಇನ್‌ವಾಯ್ಸ್ ನಂಬರ್, ತಾರೀಕು, ತೆರಿಗೆಗೆ ಮುಂಚಿನ ಮೊತ್ತ, ತೆರಿಗೆ, ಒಟ್ಟು ಮೊತ್ತ, ಮಾಲಿನ ವಿವರ. ಒಟ್ಟು 1,400 ಕಾಲಂ. ಯಂತ್ರ 56 ಕಡೆ ತಪ್ಪಿತು, ಅಂದರೆ ನೂರಕ್ಕೆ 96 ಸರಿ. ಕೈ ಎಂಟ್ರಿ 21 ಕಡೆ ತಪ್ಪಿತು, 98.5 ಸರಿ. ಇಷ್ಟಕ್ಕೇ ನಿಲ್ಲಿಸಿದರೆ ಮನುಷ್ಯನೇ ಗೆದ್ದ.

ಆದರೆ ಯಂತ್ರದ 56ರಲ್ಲಿ 32 ತಪ್ಪುಗಳು ಮಾಲಿನ ವಿವರದಲ್ಲಿ ಇದ್ದವು. ‘ಬೇರಿಂಗ್ 6204’ರ ಮುಂದಿನ ಕಂಪನಿಯ ಹೆಸರು ಬಿಟ್ಟುಹೋಗಿದೆ, ಸ್ಪೆಲ್ಲಿಂಗ್ ಕೆಟ್ಟಿದೆ, ಅಷ್ಟೆ. ಸ್ಟಾಕ್ ಲೆಕ್ಕ ಇಡುವವರಿಗೆ ಕಿರಿಕಿರಿ ಹೌದು, ತೆರಿಗೆಗೂ ಹಣ ಪಾವತಿಗೂ ತೊಂದರೆ ಇಲ್ಲ. ಕೈ ಎಂಟ್ರಿಯಲ್ಲಿ ಇಂಥವು ಮೂರೇ. ಇವನ್ನು ಬದಿಗಿಟ್ಟರೆ ಉಳಿಯುವುದು 24 ಮತ್ತು 18.

ಉಳಿದವನ್ನು ತೂಗುವಾಗ ಎರಡು ಪ್ರಶ್ನೆ ಕೇಳಬೇಕು. ಈ ತಪ್ಪು ದಾಟಿಹೋದರೆ ಎಷ್ಟು ನಷ್ಟ? ದಾಟುವ ಮೊದಲೇ ಅದು ಸಿಕ್ಕಿಬೀಳುತ್ತದೆಯೇ?

ಜಿಎಸ್‌ಟಿ ನಂಬರಿನ ತಪ್ಪು ಕೇಳಲು ಭಯಂಕರ. ಆದರೆ ಅದು ಸುಲಭವಾಗಿ ಸಿಕ್ಕಿಬೀಳುವ ತಪ್ಪು. ಹದಿನೈದು ಅಕ್ಷರಗಳ ಆ ನಂಬರಿನಲ್ಲಿ ಮೊದಲೆರಡು ರಾಜ್ಯದ ಕೋಡ್ (ಕರ್ನಾಟಕಕ್ಕೆ 29), ನಂತರದ ಹತ್ತು ಪ್ಯಾನ್. ಕೊನೆಯ ಅಕ್ಷರ ಮೊದಲ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವಂಥದ್ದು. ಎಂಟನ್ನು B ಎಂದೋ, ಐದನ್ನು S ಎಂದೋ ಓದಿ ಒಂದಕ್ಷರ ಬದಲಾದರೆ ಈ ಲೆಕ್ಕ ಖಂಡಿತ ಕೂಡಿಬರುವುದಿಲ್ಲ. ಇದಕ್ಕೆ ಸಿಗದ ತಪ್ಪು ಒಂದಿದೆ: ಬಿಲ್ಲಿನ ಮೇಲೆ ಕೊಂಡವರ ನಂಬರೂ ಇರುತ್ತದೆ, ಯಂತ್ರ ಅದನ್ನೇ ಮಾರಿದವರದ್ದು ಎಂದು ಎತ್ತಿಕೊಳ್ಳಬಹುದು. ಅದಕ್ಕೆ ‘ನಮ್ಮದೇ ನಂಬರ್ ಬಂದರೆ ತಡೆ’ ಎಂಬ ಒಂದು ನಿಯಮ ಸಾಕು.

ಮೊತ್ತಗಳೂ ಹೀಗೆಯೇ. 1,00,000 ರೂಪಾಯಿಗೆ ಶೇ 18ರಂತೆ ತೆರಿಗೆ 18,000, ಒಟ್ಟು 1,18,000. ಒಂದನ್ನು ತಪ್ಪು ಓದಿದರೂ ಕೂಡಿಸಿದಾಗ ಗೊತ್ತಾಗುತ್ತದೆ. ನಮ್ಮ ಪರೀಕ್ಷೆಯಲ್ಲಿ ಯಂತ್ರದ 24ರಲ್ಲಿ 16 ತಪ್ಪುಗಳು, ಕೈ ಎಂಟ್ರಿಯ 18ರಲ್ಲಿ 10 ಈ ಎರಡು ಜರಡಿಗಳಲ್ಲೇ ಸಿಕ್ಕಿಬಿದ್ದವು. ಎರಡೂ ಕಡೆ ಉಳಿದದ್ದು ಎಂಟೆಂಟು! ಯಂತ್ರದ್ದು ಇನ್‌ವಾಯ್ಸ್ ನಂಬರಿನಲ್ಲಿ ಐದು, ತಾರೀಕಿನಲ್ಲಿ ಮೂರು. ಕೈ ಎಂಟ್ರಿಯದ್ದು ಎರಡು ಮತ್ತು ಆರು.

ಈಗ ಆ ಎಂಟರಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಮೇಲಿನ 1,18,000ದ ಬಿಲ್ಲಿನ ನಂಬರ್ KTP/24-25/0871. ಎಂಟ್ರಿ ಆದದ್ದು KTP/24-25/0817. ಇದನ್ನು ಯಾವ ಕೂಡಿಸುವ ಲೆಕ್ಕವೂ ಹಿಡಿಯದು. ಮಾರಿದವರು ತಮ್ಮ ರಿಟರ್ನಿನಲ್ಲಿ 0871 ಎಂದೇ ಕೊಟ್ಟಿರುತ್ತಾರೆ. ಅದು ಪ್ರತಿ ತಿಂಗಳ 14ಕ್ಕೆ ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುತ್ತದೆ. 2022ರ ಜನವರಿ 1ರಿಂದ ಈ ಪಟ್ಟಿಯಲ್ಲಿ ಬಾರದ ಬಿಲ್ಲಿನ ತೆರಿಗೆಯನ್ನು ಮುರಿದುಕೊಳ್ಳಲು ಆಗುವುದಿಲ್ಲ. ಪುಸ್ತಕದಲ್ಲಿ 0817, ಪಟ್ಟಿಯಲ್ಲಿ 0871. 18,000 ರೂಪಾಯಿ ‘ಹೊಂದಾಣಿಕೆ ಇಲ್ಲ’ ಎಂಬ ಸಾಲಿನಲ್ಲಿ ಕೂರುತ್ತದೆ. ಅದಕ್ಕಿಂತ ದುಬಾರಿಯಾದದ್ದು ಇನ್ನೊಂದಿದೆ. ಅದೇ ಬಿಲ್ಲು ವಾಟ್ಸಾಪಿನಲ್ಲಿ ಮತ್ತೆ ಬಂದು, ಈ ಬಾರಿ ನಂಬರ್ ಸರಿಯಾಗಿ ಓದಿದರೆ, ಕಂಪ್ಯೂಟರಿಗೆ ಅದು ಹೊಸ ಬಿಲ್ಲು. 1,18,000 ಎರಡು ಸಲ ಪಾವತಿಯಾಗಬಹುದು.

ತಾರೀಕಿನ ತಪ್ಪು ಸಾಮಾನ್ಯವಾಗಿ ಇಷ್ಟು ಕಚ್ಚುವುದಿಲ್ಲ. ದಿನ ಮತ್ತು ತಿಂಗಳು ಅದಲುಬದಲಾಗುವುದು ದಿನ 12ರೊಳಗೆ ಇದ್ದಾಗ ಮಾತ್ರ. ಆದರೆ 05/03/2024 ಮೇ 3 ಆಗಿಬಿಟ್ಟರೆ ಬಿಲ್ಲು 2023-24ರಿಂದ ಮುಂದಿನ ಹಣಕಾಸು ವರ್ಷಕ್ಕೆ ಹಾರುತ್ತದೆ.

ಹಾಗಾದರೆ ಐದು ಮತ್ತು ಎರಡರ ನಡುವೆ ತೀರ್ಪು ಕೊಡಬಹುದೇ? ಅವಸರ ಬೇಡ. 200ರಲ್ಲಿ ಐದು ಎಂದರೆ ಶೇ 2.5, ಆದರೆ ಇಷ್ಟು ಸಣ್ಣ ಮಾದರಿಯಿಂದ ನಿಜವಾದ ಪ್ರಮಾಣ ಶೇ 1ರಿಂದ 6ರ ನಡುವೆ ಎಲ್ಲೋ ಇದೆ ಎಂದಷ್ಟೇ ಹೇಳಬಹುದು. ಆ ಐದೂ ಒಬ್ಬರೇ ಸಪ್ಲೈಯರ್‌ನ ಮಸುಕಾದ ಡಾಟ್ ಮ್ಯಾಟ್ರಿಕ್ಸ್ ಬಿಲ್ಲುಗಳಿಂದ ಬಂದಿರಬಹುದು. ಹಾಗಿದ್ದರೆ ಅವರ ಬಿಲ್ಲುಗಳನ್ನು ಮಾತ್ರ ಕೈಗೆ ಕೊಟ್ಟು, ಉಳಿದವನ್ನು ಯಂತ್ರಕ್ಕೆ ಬಿಡಬಹುದು. ಅದಕ್ಕೇ ಮಾದರಿ ಆರಿಸುವಾಗ ದೊಡ್ಡ ಸಪ್ಲೈಯರ್‌ಗಳ ಬಿಲ್ಲು ತುಂಬಿಕೊಳ್ಳದಂತೆ ನೋಡಬೇಕು, ಫಲಿತಾಂಶವನ್ನು ಸಪ್ಲೈಯರ್‌ವಾರು ಒಡೆದು ಬರೆಯಬೇಕು.

ಈ ಕಾರ್ಖಾನೆಗೆ ಹೊಳೆಯುವ ದಾರಿ ಹೀಗಿರಬಹುದು: ಮಾಲಿನ ವಿವರ ಸುಧಾರಿಸಲು ಹಣ ಸುರಿಯುವುದು ಬೇಡ. ಇನ್‌ವಾಯ್ಸ್ ನಂಬರನ್ನು ಮಾತ್ರ ಮನುಷ್ಯ ಇನ್ನೊಮ್ಮೆ ಟೈಪ್ ಮಾಡಲಿ. ಒಬ್ಬರೇ ಸಪ್ಲೈಯರ್‌ನಿಂದ ಅದೇ ತಾರೀಕು, ಅದೇ ಮೊತ್ತದ ಎರಡನೇ ಬಿಲ್ಲು ಬಂದರೆ ನಂಬರ್ ಬೇರೆಯಿದ್ದರೂ ಪಾವತಿ ನಿಲ್ಲಲಿ. ತಿಂಗಳ 14 ಕಳೆದ ಮೇಲೆ 2ಬಿ ಪಟ್ಟಿಯೊಂದಿಗೆ ಹೋಲಿಸಿದರೆ ದಾಟಿಹೋದ ಇನ್ನಷ್ಟು ಸಿಗುತ್ತವೆ, ಸಪ್ಲೈಯರ್ ಸಮಯಕ್ಕೆ ರಿಟರ್ನ್ ಸಲ್ಲಿಸಿದ್ದರೆ.