ಮುಚ್ಚಿದ ವ್ಯವಹಾರವನ್ನು ಅರ್ಜಿಯಲ್ಲಿ ಹೇಳುವುದು ಹೇಗೆ?

ಸ್ವಂತ ವ್ಯವಹಾರ ಮುಚ್ಚಿ ಸಂಬಳದ ಕೆಲಸ ಹುಡುಕುವವರು ಅರ್ಜಿ ಬರೆಯುವಾಗ ಆ ವರ್ಷಗಳನ್ನು ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಕೆಲವರು ಆ ಅವಧಿಯನ್ನೇ ಬಿಟ್ಟುಬಿಡುತ್ತಾರೆ. ಆಗ ಓದುವವರಿಗೆ ಮೂರು ವರ್ಷದ ಖಾಲಿ ಜಾಗ ಕಾಣಿಸುತ್ತದೆ, ಅದನ್ನು ಅವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. ಇನ್ನು ಕೆಲವರು ‘ಸ್ಥಾಪಕ ಮತ್ತು ಸಿಇಒ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕನಸು, ಸವಾಲು, ಪಾಠ ಎಂದು ಅರ್ಧ ಪುಟ ತುಂಬಿಸುತ್ತಾರೆ. ಓದಿ ಮುಗಿಸಿದರೂ ಅವರು ದಿನವೂ ಏನು ಕೆಲಸ ಮಾಡುತ್ತಿದ್ದರು ಎಂಬುದೇ ಗೊತ್ತಾಗುವುದಿಲ್ಲ. ಇಬ್ಬರೂ ತಮ್ಮ ಕೈಯಲ್ಲಿರುವ ಒಳ್ಳೆಯ ಸರಕನ್ನು ಬಳಸಿಕೊಳ್ಳುತ್ತಿಲ್ಲ. ಆ ಸರಕು ಇರುವುದು ಅವರ ಲೆಕ್ಕದ ಪುಸ್ತಕದಲ್ಲಿ.

ಒಂದು ಕಾಲ್ಪನಿಕ ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ದಾವಣಗೆರೆಯಲ್ಲಿ ಒಬ್ಬರು ಮೂರು ವರ್ಷ ದೋಸೆ ಹಿಟ್ಟಿನ ಘಟಕ ನಡೆಸಿ ಮುಚ್ಚಿದ್ದಾರೆ ಎಂದುಕೊಳ್ಳಿ. ಈಗ ಅವರು ಹಾಲು, ಮೊಸರು, ಬ್ರೆಡ್ಡು ಹಂಚುವ ಕಂಪನಿಯೊಂದರ ಸೇಲ್ಸ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ದಿನಕ್ಕೆ ಒಂದು ಕೆ.ಜಿ.ಯ 220 ಪ್ಯಾಕೆಟ್ ಹಿಟ್ಟು ತಯಾರಾಗುತ್ತಿತ್ತು, ಸುಮಾರು 60 ಕಿರಾಣಿ ಅಂಗಡಿಗಳಿಗೆ ಹೋಗುತ್ತಿತ್ತು. ಅಂಗಡಿಯವರು ಕೊಡುತ್ತಿದ್ದದ್ದು ಪ್ಯಾಕೆಟ್ಟಿಗೆ 42 ರೂಪಾಯಿ. ಅಕ್ಕಿ, ಉದ್ದು, ಕವರು, ಕರೆಂಟು ಸೇರಿ ಒಂದು ಪ್ಯಾಕೆಟ್ಟಿಗೆ ತಗಲುತ್ತಿದ್ದದ್ದು 33. ಹಾಗಾಗಿ ಒಂದರಲ್ಲಿ ಉಳಿಯುತ್ತಿದ್ದದ್ದು 9 ರೂಪಾಯಿ, ತಿಂಗಳಿಗೆ 59,400. ಬಾಡಿಗೆ, ಇಬ್ಬರು ಸಹಾಯಕರ ಸಂಬಳ, ವ್ಯಾನಿನ ಕಂತು ಮತ್ತು ಡೀಸೆಲ್ ಸೇರಿ 48,000 ಕಳೆದರೆ ಕೈಗೆ 11,400. ಮಾಲೀಕರ ಸ್ವಂತ ದುಡಿಮೆಗೆ ಇದರಲ್ಲಿ ಬಿಡಿಗಾಸೂ ಇಟ್ಟಿಲ್ಲ.

ಈ 11,400 ಕೂಡ ಒಂದು ಪ್ಯಾಕೆಟ್ಟೂ ವಾಪಸು ಬರದಿದ್ದರೆ ಮಾತ್ರ. ದೋಸೆ ಹಿಟ್ಟು ಅಂಥ ಸರಕಲ್ಲ. ಫ್ರಿಜ್ಜಿನ ಹೊರಗೆ ಬೇಸಿಗೆಯ ಒಂದು ಮಧ್ಯಾಹ್ನ ಕಳೆದರೆ ಸಾಕು, ಹುಳಿ ಏರಿ ಕವರು ಉಬ್ಬುತ್ತದೆ. ಅಂಗಡಿಯವರು ಮರುದಿನ ಅದನ್ನು ವ್ಯಾನಿಗೆ ಹಾಕಿ ದುಡ್ಡು ಮುರಿದುಕೊಳ್ಳುತ್ತಾರೆ. ಒಂದು ಪ್ಯಾಕೆಟ್ ವಾಪಸು ಬಂದರೆ ಅದಕ್ಕೆ ಹಾಕಿದ 33 ರೂಪಾಯಿ ತುಂಬಿಸಲು ಇನ್ನೂ ಸುಮಾರು ನಾಲ್ಕು ಪ್ಯಾಕೆಟ್ ಮಾರಬೇಕು. ಲೆಕ್ಕ ಹಾಕಿದರೆ ನೂರಕ್ಕೆ ನಾಲ್ಕರಷ್ಟು ವಾಪಸು ಬಂದರೆ ಅಲ್ಲಿಗಲ್ಲಿಗೆ, ಅದರ ಮೇಲೆ ಹೋದರೆ ನಷ್ಟ. ಶುರುವಿನಲ್ಲಿ ಇವರಿಗೆ ಬರುತ್ತಿದ್ದದ್ದು ನೂರಕ್ಕೆ 18. ಮೊದಲು ಫ್ರಿಜ್ಜಿಲ್ಲದ ಅಂಗಡಿಗಳನ್ನು ಬಿಟ್ಟರು. ಪ್ರತಿ ಅಂಗಡಿಗೂ ಹಿಂದಿನ ವಾರ ಅದೇ ದಿನ ಎಷ್ಟು ಹೋಗಿತ್ತೆಂದು ನೋಡಿ ಅಷ್ಟೇ ಕೊಡತೊಡಗಿದರು, ಭಾನುವಾರದ ದೋಸೆಗಾಗಿ ಶನಿವಾರ ಹೆಚ್ಚು, ಸೋಮವಾರ ಕಡಿಮೆ. ಹೀಗೆ ಒಂದು ವರ್ಷದಲ್ಲಿ ವಾಪಸು 7ಕ್ಕೆ ಇಳಿಯಿತು. ತಿಂಗಳ ನಷ್ಟ 38 ಸಾವಿರದಿಂದ 8 ಸಾವಿರಕ್ಕೆ ಬಂತು. 4ಕ್ಕೆ ಮಾತ್ರ ಬರಲಿಲ್ಲ. ಘಟಕ ಮುಚ್ಚಿದರು.

ಹಾಲು-ಬ್ರೆಡ್ಡಿನ ಕಂಪನಿಯ ಸೇಲ್ಸ್ ಮ್ಯಾನೇಜರಿಗೆ ಇದು ಸೋಲಿನ ಕತೆಯಾಗಿ ಕೇಳಿಸುವುದಿಲ್ಲ. ಅವರ ತಲೆನೋವೂ ಇದೇ: ದಿನ ಮುಗಿದು ವಾಪಸು ಬರುವ ಮಾಲು. ಅದನ್ನು ಸ್ವಂತ ದುಡ್ಡಿನಲ್ಲಿ 18ರಿಂದ 7ಕ್ಕೆ ಇಳಿಸಿದವರು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಪತ್ರದಲ್ಲಿ ಮುಂದೆ ಬರಬೇಕಾದದ್ದು ಈ ಒಂದು ಕೆಲಸ. ಹಿಟ್ಟು ರುಬ್ಬಿದ್ದು, ಲೋಗೊ ಮಾಡಿಸಿದ್ದು, ಇನ್‌ಸ್ಟಾಗ್ರಾಮ್ ಪುಟ ನಡೆಸಿದ್ದು ಯಾವುದೂ ಬೇಡ. ಅದೇ ವ್ಯಕ್ತಿ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಬರೆಯುವುದಾದರೆ ವಾಪಸಿನ ಮಾತು ಹಿಂದೆ ಸರಿದು, 60 ಅಂಗಡಿಗಳ ಉದ್ರಿ ಬಾಕಿಯನ್ನು ಹೇಗೆ ಬರೆದಿಟ್ಟು ವಸೂಲು ಮಾಡಿದರು ಎಂಬುದು ಮುಂದೆ ಬರಬೇಕು. ವ್ಯವಹಾರ ಒಂದೇ ಆದರೂ ಪತ್ರ ಕೆಲಸಕ್ಕೊಂದರಂತೆ ಬದಲಾಗುತ್ತದೆ.

ನಾನು ಬರೆಯುವುದಾದರೆ ಪತ್ರದ ನಡುವಿನ ಭಾಗ ಸುಮಾರು ಹೀಗಿರುತ್ತದೆ. ಇಂಗ್ಲಿಷಿನಲ್ಲಿ ಕಳಿಸಬೇಕಾದರೂ ಕ್ರಮ ಇದೇ.

“2021ರ ಜೂನ್‌ನಿಂದ 2024ರ ಆಗಸ್ಟ್‌ವರೆಗೆ ದಾವಣಗೆರೆಯಲ್ಲಿ ದೋಸೆ ಹಿಟ್ಟಿನ ಘಟಕವೊಂದರ ಮಾಲೀಕನಾಗಿ ದಿನಕ್ಕೆ 220 ಪ್ಯಾಕೆಟ್‌ಗಳನ್ನು 60 ಅಂಗಡಿಗಳಿಗೆ ತಲುಪಿಸುತ್ತಿದ್ದೆ. ಪ್ರತಿ ಅಂಗಡಿಯ ಹಿಂದಿನ ವಾರದ ಮಾರಾಟ ನೋಡಿ ಸರಬರಾಜು ನಿಗದಿ ಮಾಡುವ ಮೂಲಕ ವಾಪಸು ಬರುವ ಮಾಲನ್ನು ಒಂದು ವರ್ಷದಲ್ಲಿ ನೂರಕ್ಕೆ 18ರಿಂದ 7ಕ್ಕೆ ಇಳಿಸಿದೆ. ನನ್ನ ಬೆಲೆಗೆ ಲಾಭ ಬರಲು ಅದು 4ಕ್ಕಿಂತ ಕಡಿಮೆ ಇರಬೇಕಿತ್ತು. ಅದು ಸಾಧ್ಯವಾಗದ ಕಾರಣ ಸಾಲ ಮತ್ತು ಸಂಬಳದ ಬಾಕಿಗಳನ್ನು ತೀರಿಸಿ ಘಟಕ ಮುಚ್ಚಿದೆ. ನಿಮ್ಮ ದಾವಣಗೆರೆ–ಹರಿಹರ ಮಾರ್ಗದಲ್ಲಿ ಇದೇ ರೀತಿ ಅಂಗಡಿವಾರು ಲೆಕ್ಕ ಇಟ್ಟು ಕೆಲಸ ಮಾಡಬಲ್ಲೆ. ಈಗ ನನ್ನ ಹೆಸರಿನಲ್ಲಿ ಯಾವ ವ್ಯವಹಾರವೂ ನಡೆಯುತ್ತಿಲ್ಲ.”

ಈ ಆರು ವಾಕ್ಯಗಳಲ್ಲಿ ಮುಚ್ಚಿದ ವಿಷಯಕ್ಕೆ ಸಿಕ್ಕಿರುವುದು ಎರಡು ವಾಕ್ಯ, ಅವೂ ಕೆಲಸದ ವಿವರ ಬಂದ ಮೇಲೆ. ಕಾರಣವನ್ನು ಅಂಕಿಯಲ್ಲಿ ಹೇಳಿದೆ. ‘ಮಾರುಕಟ್ಟೆ ಸರಿಯಿರಲಿಲ್ಲ’, ‘ಪಾಲುದಾರ ಕೈಕೊಟ್ಟ’, ‘ದೊಡ್ಡ ಕಂಪನಿಗಳು ಬಂದವು’ ಎಂದು ಬರೆದರೆ, ಅದು ನಿಜವೇ ಇದ್ದರೂ, ನಾಳೆ ನಮ್ಮಲ್ಲಿ ಗುರಿ ಮುಟ್ಟದಿದ್ದಾಗಲೂ ಇವರು ಹೀಗೇ ಹೇಳುತ್ತಾರೆ ಎಂದು ಓದುವವರಿಗೆ ಅನಿಸುತ್ತದೆ. ಬಾಕಿ ತೀರಿಸಿದ ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ಸಾಲ ಇನ್ನೂ ಕಟ್ಟುತ್ತಿದ್ದರೆ ಆ ವಾಕ್ಯ ಬಿಡಿ. ಬ್ಯಾಂಕು, ಹಣಕಾಸು ಕಂಪನಿಗಳ ಕೆಲಸವಾದರೆ ಕ್ರೆಡಿಟ್ ವರದಿ ನೋಡುವ ಸಾಧ್ಯತೆ ಇರುವುದರಿಂದ, ಕೇಳಿದಾಗ ಹೇಳಲು ಉತ್ತರ ಸಿದ್ಧವಿರಲಿ.

ಹುದ್ದೆಯ ಹೆಸರಿನಲ್ಲೂ ಎಚ್ಚರ ಬೇಕು. ಇಬ್ಬರು ಸಹಾಯಕರಿದ್ದ ಘಟಕಕ್ಕೆ ‘ಸಿಇಒ’ ಎಂದು ಬರೆದವರನ್ನು ಕಂಡರೆ, ಮೂವತ್ತರ ಹರೆಯದ ಮ್ಯಾನೇಜರ್ ಕೈಕೆಳಗೆ ಇವರು ಕೆಲಸ ಮಾಡುತ್ತಾರೆಯೇ ಎಂಬ ಅನುಮಾನ ಮೊದಲು ಬರುತ್ತದೆ. ‘ಮಾಲೀಕ’ ಅಥವಾ ‘ಪ್ರೊಪ್ರೈಟರ್’ ಎಂದರೆ ಸಾಕು, ದಾಖಲೆಗಳಲ್ಲಿ ಇರುವುದೂ ಅದೇ. ‘ಈಗ ನನ್ನ ಹೆಸರಿನಲ್ಲಿ ಯಾವ ವ್ಯವಹಾರವೂ ನಡೆಯುತ್ತಿಲ್ಲ’ ಎಂಬ ಕೊನೆಯ ವಾಕ್ಯ ಇನ್ನೊಂದು ಅನುಮಾನಕ್ಕೆ ಉತ್ತರ: ಆರು ತಿಂಗಳು ದುಡಿದು, ನಮ್ಮ ಗಿರಾಕಿಗಳ ಪಟ್ಟಿ ಹಿಡಿದುಕೊಂಡು ಮತ್ತೆ ಅಂಗಡಿ ತೆರೆಯುತ್ತಾರೆಯೇ? ಇದನ್ನು ಯಾರೂ ನೇರವಾಗಿ ಕೇಳದೆ ಇರಬಹುದು, ಆದರೆ ಮನಸ್ಸಿನಲ್ಲಿ ಇರುತ್ತದೆ.

ಪತ್ರದ ಮಾತು ಕಾಗದದಲ್ಲಿಯೂ ನಿಲ್ಲಬೇಕು. ಸಂಬಳದ ಕೆಲಸ ಮಾಡಿದವರ ಹಿಂದಿನ ವರ್ಷಗಳನ್ನು ಪರಿಶೀಲಿಸುವುದು ಸುಲಭ. ಭವಿಷ್ಯ ನಿಧಿಯ ಯುಎಎನ್ ಖಾತೆಯಲ್ಲಿ ಹಳೆಯ ಕಂಪನಿಗಳ ಹೆಸರು, ಸೇರಿದ ದಿನ, ಬಿಟ್ಟ ದಿನ ಸಿಗುತ್ತವೆ. ಸ್ವಂತ ವ್ಯವಹಾರದವರಿಗೆ ಅನುಭವ ಪತ್ರ ಕೊಡುವವರೂ ಇಲ್ಲ, ಸ್ಯಾಲರಿ ಸ್ಲಿಪ್ಪೂ ಇಲ್ಲ. ಬದಲಿಗೆ ಉದ್ಯಮ್ ನೋಂದಣಿ ಪತ್ರ, ಆಹಾರ ಪರವಾನಗಿ, ಆ ವರ್ಷಗಳ ಆದಾಯ ತೆರಿಗೆ ರಿಟರ್ನಿನ ಸ್ವೀಕೃತಿ, ಚಾಲ್ತಿ ಖಾತೆಯ ಸ್ಟೇಟ್‌ಮೆಂಟ್ ಒಂದು ಫೈಲಿನಲ್ಲಿರಲಿ. ಸರಕು ಪೂರೈಸಿದ ಇಬ್ಬರು ಅಂಗಡಿಯವರು ಅಥವಾ ನಿಮಗೆ ಅಕ್ಕಿ ಕೊಡುತ್ತಿದ್ದ ಮಂಡಿಯವರು ಫೋನಿನಲ್ಲಿ ನಿಮ್ಮ ಬಗ್ಗೆ ಮಾತನಾಡಲು ಒಪ್ಪಿದರೆ, ಅವರನ್ನು ಕೇಳಿಕೊಂಡೇ ಹೆಸರು ಕೊಡಿ. ಪತ್ರದಲ್ಲಿ ಬರೆದ ತಿಂಗಳು ಮತ್ತು ವರ್ಷ ಈ ಕಾಗದಗಳೊಂದಿಗೆ ಹೊಂದಬೇಕು. ಖಾಲಿ ಕೂತ ನಾಲ್ಕು ತಿಂಗಳನ್ನು ವ್ಯವಹಾರದ ಅವಧಿಗೆ ಸೇರಿಸಿ ಬರೆದವರು ಸಿಕ್ಕಿಬೀಳುವುದು ಇಲ್ಲಿಯೇ.

ಬಹಳ ಮಂದಿ ಮರೆಯುವುದು ವ್ಯವಹಾರವನ್ನು ಕಾಗದದ ಮೇಲೂ ಮುಚ್ಚುವುದನ್ನು. ನಮ್ಮ ಉದಾಹರಣೆಯ ಘಟಕದ ವರ್ಷದ ವಹಿವಾಟು ಸುಮಾರು 33 ಲಕ್ಷ. ಕರ್ನಾಟಕದೊಳಗೇ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷವಾದ್ದರಿಂದ ಅದು ಕಡ್ಡಾಯವೇನಲ್ಲ, ಆದರೂ ಹಲವರು ಮಾಡಿಸಿರುತ್ತಾರೆ. ಹಾಗೆ ಮಾಡಿಸಿದ್ದರೆ ಆರ್‌ಇಜಿ-16 ಅರ್ಜಿ ಹಾಕಿ ರದ್ದು ಮಾಡಿಸಬೇಕು, ಆಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಸಲ್ಲಿಸಬೇಕು. ಜಿಎಸ್‌ಟಿ ಸಂಖ್ಯೆ ಗೊತ್ತಿರುವ ಯಾರು ಬೇಕಾದರೂ ಜಾಲತಾಣದಲ್ಲಿ ಅದು ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ ಎಂದು ನೋಡಬಹುದು. ‘ಮುಚ್ಚಿದ್ದೇನೆ’ ಎಂದು ಬರೆದವರ ನೋಂದಣಿ ಅಲ್ಲಿ ಇನ್ನೂ ಚಾಲ್ತಿಯಲ್ಲಿ ಕಂಡರೆ, ಕೈಗೆ ಬಂದ ಕೆಲಸ ಅಲ್ಲೇ ನಿಂತುಬಿಡಬಹುದು.

ಸ್ಟಾರ್ಟಪ್ ಎಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದವರಿಗೆ ಈ ಮಾತು ಇನ್ನೂ ಮುಖ್ಯ. ಬೆಂಗಳೂರಿನಲ್ಲಿ ಇಬ್ಬರು ಗೆಳೆಯರು ಸೇರಿ ಆಪ್ ಮಾಡಿ, ಹಣ ಖಾಲಿಯಾದ ಮೇಲೆ ಕಚೇರಿ ಬಿಟ್ಟು ಹೋದರೆ ಕಂಪನಿ ತಾನಾಗಿ ಮುಚ್ಚುವುದಿಲ್ಲ. ಎಸ್‌ಟಿಕೆ-2 ಅರ್ಜಿ ಸಲ್ಲಿಸಿ ಕಂಪನಿ ರಿಜಿಸ್ಟ್ರಾರ್ ಪಟ್ಟಿಯಿಂದ ಹೆಸರು ತೆಗೆಸಬೇಕು, ಅದಕ್ಕೆ ಮೊದಲು ಬಾಕಿ ಇರುವ ವಾರ್ಷಿಕ ದಾಖಲೆಗಳನ್ನು ಸಲ್ಲಿಸಿರಬೇಕು. ಸತತ ಮೂರು ಹಣಕಾಸು ವರ್ಷ ಆ ದಾಖಲೆಗಳನ್ನು ಸಲ್ಲಿಸದಿದ್ದರೆ ಕಂಪನಿ ಕಾಯ್ದೆಯ 164ನೇ ಕಲಮಿನಂತೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ದೊಡ್ಡ ಕಂಪನಿಗಳು ಕೆಲಸಕ್ಕೆ ಸೇರುವಾಗ ಬೇರೆ ಎಲ್ಲಾದರೂ ನಿರ್ದೇಶಕರಾಗಿದ್ದೀರಾ ಎಂದು ಬರೆಸಿಕೊಳ್ಳುವುದು ಸಾಮಾನ್ಯ. ಮುಚ್ಚುವ ಪ್ರಕ್ರಿಯೆ ನಡೆಯುತ್ತಿದ್ದರೆ ‘ಅರ್ಜಿ ಸಲ್ಲಿಸಿದೆ, ಆದೇಶ ಬರಬೇಕಿದೆ’ ಎಂದು ನೇರವಾಗಿ ಬರೆಯಿರಿ.

ಸಂದರ್ಶನದಲ್ಲಿ ಹಿಂದಿನ ಸಂಬಳ ಎಷ್ಟು ಎಂದು ಕೇಳಿದಾಗ 33 ಲಕ್ಷದ ವಹಿವಾಟು ಹೇಳಿ ಅದಕ್ಕೆ ತಕ್ಕ ಸಂಬಳ ಕೇಳುವುದು ತಪ್ಪಾಗುತ್ತದೆ. ವಹಿವಾಟು ಆದಾಯವಲ್ಲ ಎಂಬುದು ಎದುರಿಗಿರುವವರಿಗೆ ಗೊತ್ತಿರುತ್ತದೆ. ಸಂಬಳ ತೆಗೆದುಕೊಂಡಿರಲಿಲ್ಲ ಎಂದು ಹೇಳಿ, ಆ ಹುದ್ದೆಗೆ ಆ ಊರಿನಲ್ಲಿ ಈಗ ಸಿಗುವ ಸಂಬಳದ ಆಧಾರದ ಮೇಲೆ ನಿಮ್ಮ ನಿರೀಕ್ಷೆ ತಿಳಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಿತಿ ಉಳಿಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಅಂಕದ ಮೇಲೆ ಆಯ್ಕೆ ನಡೆಯುವ ಸರ್ಕಾರಿ ಹುದ್ದೆಗಳಲ್ಲಿ ಇಂಥ ಪತ್ರಕ್ಕೆ ಜಾಗವೇ ಇಲ್ಲ. ಅನುಭವ ಕೇಳುವ ಸರ್ಕಾರಿ ಹುದ್ದೆಗಳಲ್ಲೂ ಯಾವ ಅನುಭವ, ಯಾರ ಪ್ರಮಾಣಪತ್ರ ಎಂಬುದನ್ನು ಅಧಿಸೂಚನೆಯೇ ಹೇಳಿರುತ್ತದೆ. ಖಾಸಗಿ ಕಂಪನಿಗಳಿಗೆ ಬರೆಯುವವರು ಮಾತ್ರ ಮೊದಲು ಹಳೆಯ ಲೆಕ್ಕದ ಪುಸ್ತಕ ಹುಡುಕಿ ತೆಗೆಯಿರಿ. ಅದರಲ್ಲಿ ನೀವೇ ಕಷ್ಟಪಟ್ಟು ಬದಲಾಯಿಸಿದ ಒಂದು ಅಂಕಿಯನ್ನು ಗುರುತು ಹಾಕಿಕೊಂಡು, ಆ ಅಂಕಿ ಯಾವ ಕಂಪನಿಗೆ ಬೇಕು ಎಂದು ನೋಡಿ ಅಲ್ಲಿಗೆ ಬರೆಯಿರಿ.