ಹಾಲಿನ ಚೀಟಿ ಮೊಬೈಲಿಗೆ ಬರುವ ಮುನ್ನ

ಹಳ್ಳಿಯ ಡೇರಿಯಲ್ಲಿ ದಿನಕ್ಕೆರಡು ಸಲ ನಡೆಯುವ ಕೆಲಸ ಇದು. ಸದಸ್ಯರು ಕ್ಯಾನಿನಲ್ಲಿ ಹಾಲು ತರುತ್ತಾರೆ, ತೂಕವಾಗುತ್ತದೆ, ಸ್ವಲ್ಪ ಹಾಲು ಪರೀಕ್ಷೆಯ ಯಂತ್ರಕ್ಕೆ ಹೋಗುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಯಂತ್ರ ತೋರಿಸಿದ ಮೇಲೆ ದರ ಬಿದ್ದು, ಒಂದು ಸಣ್ಣ ಚೀಟಿ ಕೈಗೆ ಬರುತ್ತದೆ. ಒಂದು ಸಂಘದ ಆಡಳಿತ ಮಂಡಳಿ ಸಭೆ ಸೇರಿ, ‘ಈ ಚೀಟಿ ಮೊಬೈಲಿನಲ್ಲೇ ಕಾಣುವಂಥ ಆ್ಯಪ್ ಮಾಡಿಸೋಣ’ ಎಂದು ತೀರ್ಮಾನಿಸಿತು ಎಂದಿಟ್ಟುಕೊಳ್ಳಿ. ಸಭೆಯಲ್ಲಿದ್ದ ಎಲ್ಲರಿಗೂ ಮಾತು ಅರ್ಥವಾಗಿದೆ. ಆದರೆ ಇದೇ ಮಾತನ್ನು ಇಬ್ಬರು ಡೆವಲಪರ್‌ಗಳಿಗೆ ಹೇಳಿದರೆ ಎರಡು ಬೇರೆ ಬೇರೆ ಆ್ಯಪ್ ತಯಾರಾಗುತ್ತವೆ, ಎರಡೂ ಸಂಘಕ್ಕೆ ಬೇಕಾದದ್ದು ಆಗಿರುವುದಿಲ್ಲ.

ಸಭೆಯ ಆ ಮಾತಿಗೂ ಕೋಡ್ ಬರೆಯುವವರ ಮೇಜಿಗೂ ನಡುವೆ ಇರಬೇಕಾದ ಕಾಗದವೇ ಪ್ರಾಡಕ್ಟ್ ರಿಕ್ವೈರ್‌ಮೆಂಟ್ಸ್ ಡಾಕ್ಯುಮೆಂಟ್. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆ ಪಿಆರ್‌ಡಿ ಎನ್ನುತ್ತಾರೆ. ಯಾರ ಯಾವ ತೊಂದರೆ ನೀಗಬೇಕು, ಅದಕ್ಕಾಗಿ ಆ್ಯಪ್ ಏನು ಮಾಡಬೇಕು, ಏನು ಮಾಡಬಾರದು, ಕೆಲಸ ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ಸಂಘದ ಪಿಆರ್‌ಡಿ ‘ಆ್ಯಪ್ ಇಲ್ಲ’ ಎಂಬ ತೊಂದರೆಯಿಂದ ಶುರುವಾಗುವಂತಿಲ್ಲ. ಚೀಟಿ ನೆನೆಯುತ್ತದೆ, ಕಳೆಯುತ್ತದೆ. ಬಟವಾಡೆಯ ದಿನ ಕೈಗೆ ಬಂದ ಹಣವನ್ನು ತಾಳೆ ನೋಡಲು ಸದಸ್ಯರ ಬಳಿ ಲೆಕ್ಕವೇ ಉಳಿದಿರುವುದಿಲ್ಲ. ತೊಂದರೆ ಇದು. ಇದನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ ಪಶು ಆಹಾರದ ಬುಕಿಂಗ್, ಸಾಲದ ಅರ್ಜಿ, ಹವಾಮಾನದ ಸುದ್ದಿ ಎಂದು ಆಮೇಲೆ ಬಂದು ಸೇರುವ ಆಸೆಗಳನ್ನು ಪಕ್ಕಕ್ಕಿಡುವುದು ಸುಲಭ.

‘ಏನು ಮಾಡುವುದಿಲ್ಲ’ ಎಂಬ ಭಾಗವನ್ನು ಬಹಳ ಜನ ಖಾಲಿ ಬಿಡುತ್ತಾರೆ. ಈ ಆ್ಯಪ್‌ನಲ್ಲಿ ಅದನ್ನು ಖಾಲಿ ಬಿಟ್ಟರೆ ಏನಾಗುತ್ತದೆ ನೋಡಿ. ಕರ್ನಾಟಕದಲ್ಲಿ ಹಾಲಿನ ಹಣದ ಜೊತೆಗೆ ಲೀಟರಿಗೆ ಇಷ್ಟು ಎಂದು ಸರ್ಕಾರದ ಪ್ರೋತ್ಸಾಹಧನವೂ ಇದೆ. ಅದು ಬಟವಾಡೆಯ ಜೊತೆ ಬರುವುದಿಲ್ಲ. ಸರ್ಕಾರದಿಂದ ನೇರವಾಗಿ ಬ್ಯಾಂಕ್ ಖಾತೆಗೆ, ಬೇರೆಯಾಗಿ ಬರುತ್ತದೆ. ಡೆವಲಪರ್ ಒಳ್ಳೆಯ ಮನಸ್ಸಿನಿಂದಲೇ ಅದನ್ನೂ ಕೂಡಿಸಿ ‘ಒಟ್ಟು ಮೊತ್ತ’ ತೋರಿಸಿದ ಎನ್ನಿ. ಬಟವಾಡೆಯ ದಿನ ಆ್ಯಪ್‌ನಲ್ಲಿ ಒಂದು ಮೊತ್ತ, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಸಂಘದ ಬಾಗಿಲಲ್ಲಿ ಜಗಳ. ‘ಮೊದಲ ಆವೃತ್ತಿಯಲ್ಲಿ ಪ್ರೋತ್ಸಾಹಧನವನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ, ಮೊತ್ತದ ಕೆಳಗೆ ಹಾಗೆಂದು ಬರೆದಿರುತ್ತದೆ’ ಎಂಬ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಇನ್ನು ಯೂಸರ್ ಸ್ಟೋರಿ. 1990ರ ದಶಕದಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯವರು, ಬೇಕಾದದ್ದನ್ನು ದಪ್ಪ ದಪ್ಪ ಕಡತಗಳಲ್ಲಿ ಬರೆಯುವ ಬದಲು ಅಂಗೈಯಗಲದ ಕಾರ್ಡಿನ ಮೇಲೆ, ಬಳಸುವವರ ಮಾತಿನಲ್ಲೇ ಬರೆಯತೊಡಗಿದರು. ಅವರಲ್ಲೊಬ್ಬರಾದ ರಾನ್ ಜೆಫ್ರೀಸ್ 2001ರಲ್ಲಿ ಸ್ಟೋರಿಗೆ ಮೂರು ಅಂಗ ಇವೆ ಎಂದರು: ಕಾರ್ಡು, ಅದರ ಸುತ್ತ ನಡೆಯುವ ಮಾತುಕತೆ, ಕೊನೆಗೆ ‘ಹೌದು, ಇದೇ ಬೇಕಾಗಿದ್ದದ್ದು’ ಎಂಬ ಖಾತರಿ. ಇವತ್ತು ಬಹಳ ಕಡೆ ಕಾರ್ಡು ಮಾತ್ರ ಉಳಿದು ಉಳಿದೆರಡು ಬಿದ್ದುಹೋಗಿವೆ. ‘ಬಳಕೆದಾರನಾಗಿ ನನಗೆ ಲಾಗಿನ್ ಬೇಕು’ ಎಂಬಂಥ ಸ್ಟೋರಿಗಳು ಆಗಲೇ ಹುಟ್ಟುವುದು. ಲಾಗಿನ್ ಬೇಕೆಂದು ಬಯಸಿದ ಮನುಷ್ಯನನ್ನು ನಾನಂತೂ ಕಂಡಿಲ್ಲ.

ನಮ್ಮ ಡೇರಿಯ ಸ್ಟೋರಿ ಹೀಗಿರಬಹುದು: ‘ಹಾಲು ಹಾಕುವ ಸದಸ್ಯೆಯಾದ ನನಗೆ, ಪ್ರತಿ ಹೊತ್ತು ನನ್ನ ಹೆಸರಿನಲ್ಲಿ ಬರೆದ ಹಾಲಿನ ಲೆಕ್ಕ ಕಾಣಬೇಕು, ಬಟವಾಡೆಯ ದಿನ ಹಣ ಸರಿಯಿದೆಯೇ ಎಂದು ನಾನೇ ನೋಡಿಕೊಳ್ಳುವಂತಿರಬೇಕು.’ ಯಾರು, ಏನು, ಏಕೆ ಮೂರೂ ಇವೆ. ಹೆಚ್ಚು ಕೆಲಸ ಮಾಡುವುದು ‘ಏಕೆ’. ಹಣ ತಾಳೆ ನೋಡಲು ಎಂದ ಮೇಲೆ ಒಂದು ಹೊತ್ತಿನ ಲೆಕ್ಕ ತೋರಿಸಿ ಬಿಟ್ಟರೆ ಸಾಲದು, ಬಟವಾಡೆಯ ಅವಧಿಯ ಮೊತ್ತವೂ ಬೇಕು ಎಂಬುದು ತಾನಾಗಿ ಹೊರಬರುತ್ತದೆ.

‘ಯಾರು’ ಎಂಬುದರಲ್ಲೂ ಒಂದು ತೊಡಕಿದೆ. ಸಂಘದ ಸದಸ್ಯತ್ವ ತಾಯಿಯ ಹೆಸರಿನಲ್ಲಿ, ಸಂಘದಲ್ಲಿ ಬರೆಸಿರುವ ಫೋನ್ ನಂಬರು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನದು. ಒಂದು ನಂಬರಿಗೆ ಒಬ್ಬ ಬಳಕೆದಾರ ಎಂದು ಯಾರೂ ಬರೆಯದಿದ್ದರೂ ಎಲ್ಲರೂ ಊಹಿಸಿಕೊಂಡಿರುತ್ತಾರೆ. ಹಾಗೆ ಕಟ್ಟಿದರೆ ಒಟಿಪಿ ಮಗನಿಗೆ ಹೋಗುತ್ತದೆ, ಹಾಲು ಹಾಕಿದವಳು ಆ್ಯಪ್ ತೆರೆಯಲಾರಳು. ಅತ್ತೆ ಸೊಸೆ ಇಬ್ಬರೂ ಸದಸ್ಯರಾಗಿದ್ದು ಮನೆಯಲ್ಲಿ ಒಂದೇ ಫೋನ್ ಇರುವುದೂ ಉಂಟು. ಆದ್ದರಿಂದ ಒಂದು ಸದಸ್ಯ ಸಂಖ್ಯೆಗೆ ಎರಡು ಫೋನ್, ಒಂದು ಫೋನಿಗೆ ಹಲವು ಸದಸ್ಯ ಸಂಖ್ಯೆ ಸೇರಿಸಲು ಬರಬೇಕು ಎಂಬುದು ಇನ್ನೊಂದು ಸ್ಟೋರಿಯಾಗುತ್ತದೆ. ಕೋಡ್ ಬರೆದಾದ ಮೇಲೆ ಇದನ್ನು ಸರಿಪಡಿಸಲು ಡೇಟಾಬೇಸಿನ ಬುಡಕ್ಕೇ ಕೈ ಹಾಕಬೇಕಾಗುತ್ತದೆ.

ಸ್ಟೋರಿ ಬರೆಯುವುದು ಕಷ್ಟವಲ್ಲ. ನಿಜವಾದ ಯೋಚನೆ ನಡೆಯುವುದು ಅದರ ಕೆಳಗಿನ ಅಕ್ಸೆಪ್ಟೆನ್ಸ್ ಕ್ರೈಟೀರಿಯಾದಲ್ಲಿ, ಅಂದರೆ ಒಪ್ಪಿಗೆಯ ಷರತ್ತುಗಳಲ್ಲಿ. ಪ್ರತಿ ಷರತ್ತಿಗೂ ಟೆಸ್ಟರ್ ಪಾಸ್ ಅಥವಾ ಫೇಲ್ ಎಂದು ಹೇಳಲು ಬರಬೇಕು. ‘ಹಾಲಿನ ಪ್ರಮಾಣ ಸರಿಯಾಗಿ ಕಾಣಬೇಕು’ ಎಂದು ಬರೆದರೆ ಅದು ಷರತ್ತಲ್ಲ. ಡೇರಿಯ ತಕ್ಕಡಿ ಕಿಲೋ ಲೆಕ್ಕದಲ್ಲಿ ತೂಗಿ, ಹಣ ಲೀಟರ್ ಲೆಕ್ಕದಲ್ಲಿ ಬೀಳುವುದಾದರೆ ಮೊದಲ ಪ್ರಶ್ನೆ ಅಲ್ಲೇ ಏಳುತ್ತದೆ. ಹಾಲು ನೀರಿಗಿಂತ ತುಸು ಭಾರ, ಒಂದು ಲೀಟರ್ ಸುಮಾರು 1.03 ಕಿಲೋ ತೂಗುತ್ತದೆ. 6.5 ಕಿಲೋ ತೂಗಿದ ಹಾಲು 6.31 ಲೀಟರ್. ಆ್ಯಪ್ 6.31 ತೋರಿಸಬೇಕೋ 6.3 ತೋರಿಸಬೇಕೋ? ಹಣ ಯಾವುದರ ಮೇಲೆ? ಚೀಟಿಯಲ್ಲಿ ಒಂದು ರೀತಿ, ಆ್ಯಪ್‌ನಲ್ಲಿ ಇನ್ನೊಂದು ರೀತಿ ಆದರೆ ತಿಂಗಳ ಕೊನೆಗೆ ಕೆಲವೇ ರೂಪಾಯಿ ವ್ಯತ್ಯಾಸ ಬರುತ್ತದೆ. ಹಣ ಸಣ್ಣದು, ನಂಬಿಕೆ ಹೋಗುವುದಕ್ಕೆ ಅಷ್ಟೇ ಸಾಕು. ಹಾಗಾಗಿ ಷರತ್ತು ಹೀಗೆ ಬರೆಯಬೇಕು: ಆ್ಯಪ್ ತಾನಾಗಿ ಏನನ್ನೂ ಲೆಕ್ಕ ಹಾಕುವುದಿಲ್ಲ, ಸಂಘದ ಕಂಪ್ಯೂಟರ್ ಚೀಟಿಗೆ ಕಳಿಸಿದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಈ ಐದನ್ನೂ ಅದೇ ಅಂಕಿಯಲ್ಲಿ, ಬಿಂದುವಿನ ನಂತರ ಅಷ್ಟೇ ಸ್ಥಾನಗಳೊಂದಿಗೆ ತೋರಿಸುತ್ತದೆ.

‘ಬೇಗ ತೆರೆಯಬೇಕು’ ಎಂಬ ಮಾತಿನದೂ ಇದೇ ಪಾಡು. 2 ಜಿಬಿ ರ‍್ಯಾಮ್ ಇರುವ ಆಂಡ್ರಾಯ್ಡ್ ಫೋನಿನಲ್ಲಿ, ನೆಟ್‌ವರ್ಕ್ ಪೂರ್ತಿ ಇಲ್ಲದಿದ್ದರೂ, ಕೊನೆಯ ಬಾರಿ ಬಂದಿದ್ದ ಲೆಕ್ಕ 3 ಸೆಕೆಂಡಿನೊಳಗೆ ಕಾಣಬೇಕು. ಅದು ಎಷ್ಟು ಹೊತ್ತಿಗೆ ಬಂದ ಲೆಕ್ಕ ಎಂಬುದೂ ಮೇಲೆ ಇರಬೇಕು. ಹೀಗೆ ಬರೆದರೆ ಟೆಸ್ಟರ್ ಗಡಿಯಾರ ಹಿಡಿದು ನೋಡಬಹುದು. ಎರಡನೆಯ ಅರ್ಧ ಬಿಟ್ಟುಹೋದರೆ, ಸಂಜೆಯ ಹಾಲು ಹಾಕಿ ಬಂದವಳು ಬೆಳಗಿನ ಅಂಕಿಯನ್ನೇ ಸಂಜೆಯದು ಎಂದುಕೊಳ್ಳುತ್ತಾಳೆ.

ಎಲ್ಲವೂ ಸರಿಯಾಗಿ ನಡೆದಾಗ ಏನಾಗಬೇಕು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಪಿಆರ್‌ಡಿಯ ಗಟ್ಟಿತನ ತಿಳಿಯುವುದು ತಪ್ಪು ನಡೆದಾಗಿನ ಸ್ಟೋರಿಯಲ್ಲಿ. ಒಂದು ಬೆಳಿಗ್ಗೆ ಕರೆಂಟ್ ಹೋಗಿದೆ, ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಏರಿಸುವಾಗ 6.3 ಲೀಟರ್ ಬದಲು 3.6 ಎಂದು ಒತ್ತಿಬಿಟ್ಟಿದ್ದಾರೆ. 63 ಎಂದಿದ್ದರೆ ಯಂತ್ರವೇ ಹಿಡಿಯುವಂತೆ ಮಿತಿ ಇಡಬಹುದಿತ್ತು, 3.6 ಎಂಬುದು ನಂಬುವಂಥ ಅಂಕಿ. ಮಧ್ಯಾಹ್ನ ತಪ್ಪು ಗೊತ್ತಾಗಿ ತಿದ್ದುತ್ತಾರೆ. ಈಗ ಆ್ಯಪ್ ಏನು ತೋರಿಸಬೇಕು?

ಈ ಪ್ರಶ್ನೆ ಇಟ್ಟರೆ ಕಾರ್ಯದರ್ಶಿ ಹೇಳುವುದು ಹೀಗೆ: ‘ತಪ್ಪು ಬಿದ್ದಿತ್ತು, ತಿದ್ದಿದೀವಿ. ಸರಿಯಾದದ್ದು ತೋರಿಸಿದ್ರೆ ಸಾಕಲ್ವಾ ಸಾರ್?’ ಹಾಲು ಹಾಕುವವರು ಒಪ್ಪುವುದಿಲ್ಲ. ‘ಬೆಳಿಗ್ಗೆ ನೋಡಿದ್ದು ಒಂದು, ಸಂಜೆ ನೋಡಿದ್ರೆ ಇನ್ನೊಂದು ಅಂದ್ರೆ ಹೆಂಗ್ ನಂಬೋದು ಸ್ವಾಮಿ? ನಾಳೆ ಕಡಿಮೆ ಮಾಡಿದ್ರೂ ಹಿಂಗೇ ಮಾಡ್ತೀರಲ್ಲ.’ ಜೆಫ್ರೀಸ್ ಹೇಳಿದ ಮಾತುಕತೆ ಎಂದರೆ ಇದು. ಅದು ನಡೆದ ಮೇಲೆಯೇ ಷರತ್ತು ಬರೆಯಲು ಬರುತ್ತದೆ. ಬರೆಯುವ ರೂಢಿಯ ಅಚ್ಚು ಮೂರು ಭಾಗದ್ದು: ಹೀಗಿದ್ದಾಗ, ಹೀಗೆ ಮಾಡಿದರೆ, ಹೀಗಾಗಬೇಕು.

ಸದಸ್ಯೆಯ ಫೋನಿನಲ್ಲಿ 3.6 ಲೀಟರ್ ಎಂದು ಆಗಲೇ ಕಂಡಿದ್ದಾಗ, ಕಾರ್ಯದರ್ಶಿ ಅದನ್ನು 6.3 ಎಂದು ತಿದ್ದಿದರೆ, ಹೊಸ ಅಂಕಿ ಮೇಲೆ ಕಾಣಬೇಕು, ಅದರ ಕೆಳಗೆ ಹಳೆಯ ಅಂಕಿ ಗೆರೆ ಹೊಡೆದು ಇರಬೇಕು, ತಿದ್ದಿದ ಹೊತ್ತು ಮತ್ತು ಕಾರಣ ಜೊತೆಗಿರಬೇಕು. ಆ ಹೊತ್ತಿನ ಮೊತ್ತವೂ ಬಟವಾಡೆಯ ಒಟ್ಟು ಮೊತ್ತವೂ ಹೊಸ ಅಂಕಿಗೆ ತಕ್ಕಂತೆ ಬದಲಾಗಬೇಕು. ಕಾರ್ಯದರ್ಶಿ ಕಾರಣ ಬರೆಯದೆ ತಿದ್ದಲು ಹೋದರೆ ಸೇವ್ ಆಗಬಾರದು. ಬಟವಾಡೆ ಆಗಿ ಹೋದ ಮೇಲೆ ತಿದ್ದಿದರೆ ಹಳೆಯ ಬಿಲ್ಲನ್ನು ಮುಟ್ಟಬಾರದು. ವ್ಯತ್ಯಾಸ ಮುಂದಿನ ಬಟವಾಡೆಯಲ್ಲಿ ಬೇರೆ ಸಾಲಾಗಿ ಬರಬೇಕು. ಈ ಕೊನೆಯ ಷರತ್ತು ಇಲ್ಲದಿದ್ದರೆ, ಪಾವತಿಯಾದ ಬಿಲ್ಲಿನ ಮೊತ್ತ ಆ್ಯಪ್‌ನಲ್ಲಿ ಬದಲಾಗಿ ಸಂಘದ ಲೆಕ್ಕ ಪರಿಶೋಧನೆಯೇ ತಾಳೆಯಾಗುವುದಿಲ್ಲ.

ಷರತ್ತುಗಳಲ್ಲಿ ‘ಹಸಿರು ಬಟನ್, ಬಲಗಡೆ, ಇಷ್ಟು ಅಗಲ’ ಎಂದು ಏನೂ ಇಲ್ಲದ್ದನ್ನು ಗಮನಿಸಿ. ಅದು ಡಿಸೈನರ್ ತೀರ್ಮಾನಿಸುವ ವಿಷಯ. ಪಿಆರ್‌ಡಿ ಅದನ್ನೂ ಬರೆದಿಟ್ಟರೆ ಕಣ್ಣು ಮಂಜಾದವರಿಗೆ ಆ ಗೆರೆ ಹೊಡೆದ ಅಂಕಿ ಓದಲು ಬರುತ್ತದೆಯೇ ಎಂದು ನೋಡಿ ಬೇರೆ ದಾರಿ ಹುಡುಕುವ ಅವಕಾಶ ಅವರಿಗೆ ಇರುವುದಿಲ್ಲ. ಒಂದೇ ಸ್ಟೋರಿಯ ಕೆಳಗೆ ಷರತ್ತುಗಳು ಪುಟ ದಾಟತೊಡಗಿದರೆ ಅದು ಒಂದು ಸ್ಟೋರಿಯಲ್ಲ, ಒಡೆಯಬೇಕು. ಇಲ್ಲಿ ಬಟವಾಡೆಗೆ ಮೊದಲಿನ ತಿದ್ದುಪಡಿಯನ್ನು ಒಂದಾಗಿ, ನಂತರದ್ದನ್ನು ಇನ್ನೊಂದಾಗಿ ಒಡೆಯುವುದು ಸಹಜ.

ಬರೆದದ್ದು ಸಾಕೇ ಎಂದು ತಿಳಿಯಲು ಒಂದು ದಾರಿ ಇದೆ. ಸಭೆಯಲ್ಲಿ ಇಲ್ಲದಿದ್ದ ಟೆಸ್ಟರ್ ಕೈಗೆ ಕಾಗದ ಕೊಟ್ಟು ಪರೀಕ್ಷೆಯ ಹಂತಗಳನ್ನು ಬರೆಯಲು ಹೇಳಬೇಕು. ಅವರು ಎಲ್ಲೆಲ್ಲಿ ‘ಎಷ್ಟು?’, ‘ಯಾವಾಗ?’, ‘ಯಾರು?’ ಎಂದು ಕೇಳುತ್ತಾರೋ ಅಲ್ಲಲ್ಲಿ ಷರತ್ತು ಅರೆಬರೆ. ಷರತ್ತಿಗೆ ನಿಲುಕದ್ದೂ ಇದೆ. ಪರೀಕ್ಷೆಯ ಯಂತ್ರವೇ ಫ್ಯಾಟ್ ಕಡಿಮೆ ತೋರಿಸುತ್ತಿದ್ದರೆ ಆ್ಯಪ್ ಅದೇ ತಪ್ಪು ಅಂಕಿಯನ್ನು ನಿಷ್ಠೆಯಿಂದ ತೋರಿಸುತ್ತದೆ, ಎಲ್ಲ ಷರತ್ತೂ ಪಾಸಾಗುತ್ತದೆ. ಹಾಗಾಗಿ ಫ್ಯಾಟ್ ಬಗೆಗಿನ ತಕರಾರು ಎಲ್ಲಿ ಹೇಳಬೇಕು ಎಂಬುದನ್ನು ಪರದೆಯ ಮೇಲೆ ತೋರಿಸುವುದು ಮಾತ್ರ ಈ ಆ್ಯಪ್‌ನ ಕೆಲಸ, ತೀರ್ಪು ಕೊಡುವುದಲ್ಲ ಎಂದು ಪಿಆರ್‌ಡಿಯಲ್ಲಿ ಬರೆದಿರಬೇಕು.

ಇಷ್ಟಾದ ಮೇಲೂ ಉತ್ತರ ಸಿಗದ ಪ್ರಶ್ನೆಗಳು ಉಳಿಯುತ್ತವೆ. ಬಟವಾಡೆ ಮುಗಿದು ಎಷ್ಟು ದಿನದವರೆಗೆ ಕಾರ್ಯದರ್ಶಿ ಅಂಕಿ ತಿದ್ದಬಹುದು? ಇದನ್ನು ಡೆವಲಪರ್ ತೀರ್ಮಾನಿಸುವಂತಿಲ್ಲ, ಅದು ಆಡಳಿತ ಮಂಡಳಿಯ ಅಧಿಕಾರ. ಪಿಆರ್‌ಡಿಯ ಕೊನೆಯಲ್ಲಿ ಇಂಥ ಪ್ರಶ್ನೆಗಳಿಗೆ ಒಂದು ಜಾಗ ಇಟ್ಟು, ಪ್ರತಿಯೊಂದರ ಎದುರು ಉತ್ತರಿಸಬೇಕಾದವರ ಹೆಸರು ಮತ್ತು ತಾರೀಕು ಬರೆಯುತ್ತಾರೆ. ಆ ತಾರೀಕಿನೊಳಗೆ ಮಂಡಳಿ ತೀರ್ಮಾನ ಹೇಳದಿದ್ದರೆ, ಬಟವಾಡೆಯ ನಂತರದ ತಿದ್ದುಪಡಿಯ ಸ್ಟೋರಿಯನ್ನು ಮೊದಲ ಆವೃತ್ತಿಯಿಂದ ತೆಗೆದು, ಅಲ್ಲಿಯವರೆಗೆ ಅಂಥ ತಿದ್ದುಪಡಿ ಈಗಿನಂತೆ ಪುಸ್ತಕದಲ್ಲೇ ನಡೆಯುತ್ತದೆ ಎಂದು ದಾಖಲಿಸುತ್ತಾರೆ.