75 ಮಂದಿಯೇ ಏಕೆ?

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ‘ಸಂಶೋಧನಾ ವಿಧಾನ’ ಎಂಬ ಅಧ್ಯಾಯವನ್ನು ತೆರೆದರೆ ಹೆಚ್ಚಾಗಿ ಸಿಗುವುದು ಇಂಥ ವಾಕ್ಯ: ‘ಈ ಅಧ್ಯಯನಕ್ಕೆ 100 ಉತ್ತರದಾತರನ್ನು ಆರಿಸಿಕೊಂಡು ಪ್ರಶ್ನಾವಳಿಯ ಮೂಲಕ ಮಾಹಿತಿ ಸಂಗ್ರಹಿಸಲಾಗಿದೆ.’ ನೂರೇ ಏಕೆ, ಅವರು ಯಾರು, ಪ್ರಶ್ನಾವಳಿಯೇ ಏಕೆ, ಅವರ ಒಪ್ಪಿಗೆ ಇತ್ತೇ ಎಂಬುದಕ್ಕೆ ಅಲ್ಲಿ ಉತ್ತರವಿರುವುದಿಲ್ಲ. ಈ ಅಧ್ಯಾಯ ಇರುವುದೇ ಆ ಉತ್ತರಗಳಿಗಾಗಿ. ಮುಂದಿನ ಅಧ್ಯಾಯಗಳ ಅಂಕಿಅಂಶಗಳನ್ನು ನಂಬಬಹುದೇ ಎಂದು ಓದುಗರು ತೀರ್ಮಾನಿಸುವುದೂ ಇಲ್ಲಿಯೇ.

ಒಂದು ವಿಷಯ ಇಟ್ಟುಕೊಂಡು ನೋಡೋಣ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಬೆಂಗಳೂರಿನ ಪೀಣ್ಯದ ಸುತ್ತಮುತ್ತ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನಿಂದ ಏನು ಬದಲಾಯಿತು ಎಂದು ತಿಳಿಯಲು ಒಬ್ಬ ವಿದ್ಯಾರ್ಥಿನಿ ಹೊರಡುತ್ತಾಳೆ ಎಂದುಕೊಳ್ಳಿ.

ಸುಲಭದ ದಾರಿ ಎಂದರೆ ಸಂಜೆ ಬಸ್‌ಸ್ಟಾಪಿನಲ್ಲಿ ನಿಂತು ಸಿಕ್ಕವರನ್ನು ಕೇಳುವುದು. ಆದರೆ ಬಸ್‌ಸ್ಟಾಪಿನಲ್ಲಿ ಸಿಗುವವರು ಬಸ್ ಹತ್ತುವವರು ಮಾತ್ರ. ಬಸ್ ಉಚಿತವಾದರೂ ನಡೆದೇ ಹೋಗುವವರು, ಕಾರ್ಖಾನೆಯ ವ್ಯಾನಿನಲ್ಲಿ ಹೋಗುವವರು ಅಲ್ಲಿಗೆ ಬರುವುದಿಲ್ಲ. ಯೋಜನೆಯ ಪ್ರಯೋಜನ ಯಾರಿಗೆ ತಲುಪಿಲ್ಲ ಎಂಬುದನ್ನು ಅವರೇ ಹೇಳಬೇಕಿತ್ತು. ಅಲ್ಲಿ ನಿಂತು ಐನೂರು ಜನರನ್ನು ಕೇಳಿದರೂ ಆ ಕೊರತೆ ತುಂಬುವುದಿಲ್ಲ.

ಹಾಗಾಗಿ ಮೊದಲು ಬೇಕಾದದ್ದು ಪಟ್ಟಿ. ಕಾರ್ಖಾನೆಯವರು ನೌಕರರ ಪಟ್ಟಿಯನ್ನು ಹೊರಗಿನವರಿಗೆ ಸುಲಭವಾಗಿ ಕೊಡುವುದಿಲ್ಲ. ಕೊಟ್ಟರೂ ಮಾಲೀಕರ ಮೂಲಕ ಹೋದವಳ ಮುಂದೆ ಹೆಂಗಸರು ಬಾಯಿಬಿಡುವುದು ಕಷ್ಟ. ಅದರ ಬದಲು ಅವರು ವಾಸಿಸುವ ನಾಲ್ಕೈದು ಬೀದಿಗಳನ್ನು ಆರಿಸಿಕೊಂಡು, ವಠಾರಗಳನ್ನೂ ಬಿಡದೆ ಸುತ್ತಿ, ಗಾರ್ಮೆಂಟ್ಸ್‌ಗೆ ಹೋಗುವವರು ಎಷ್ಟಿದ್ದಾರೆಂದು ಗುರುತು ಹಾಕಿಕೊಳ್ಳಬಹುದು. ಹಾಗೆ 300 ಮಂದಿ ಸಿಕ್ಕರು ಎನ್ನಿ. ಈಗ ಲೆಕ್ಕ ಹಾಕಬಹುದು. ನಮ್ಮ ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಯಮಾನೆ ಅವರ ಹೆಸರಿನ ಸೂತ್ರ:

n = N / (1 + N × e²)

N ಎಂದರೆ ಪಟ್ಟಿಯಲ್ಲಿರುವ ಒಟ್ಟು ಜನ, e ಎಂದರೆ ನಾವು ಒಪ್ಪಿಕೊಳ್ಳುವ ತಪ್ಪಿನ ಅಂತರ. ಶೇ 5ರ ಅಂತರ ಸಾಕೆಂದರೆ 300 ಮಂದಿಯಲ್ಲಿ 172 ಜನರನ್ನು ಮಾತನಾಡಿಸಬೇಕು. ಶೇ 10 ಇರಲಿ ಎಂದರೆ 75 ಸಾಕು. ಯಾವುದನ್ನು ಆರಿಸುವುದು? ಇದನ್ನು ಸೂತ್ರ ಹೇಳುವುದಿಲ್ಲ, ಕ್ಯಾಲೆಂಡರ್ ಹೇಳುತ್ತದೆ. ವಾರವಿಡೀ ದುಡಿಯುವ ಈ ಹೆಂಗಸರು ಬಿಡುವಾಗಿ ಸಿಗುವುದು ಭಾನುವಾರ, ಅದೂ ಬಟ್ಟೆ ಒಗೆತ, ಅಡುಗೆಯ ನಡುವೆ. ಒಬ್ಬಳೇ ಹೋದರೆ ಒಂದು ಭಾನುವಾರಕ್ಕೆ ಆರು ಮಾತುಕತೆ ಆದರೆ ಹೆಚ್ಚು. ಎಪ್ಪತ್ತೈದಕ್ಕೆ ಹದಿಮೂರು ಭಾನುವಾರ ಬೇಕು, ಅಂದರೆ ಹೆಚ್ಚುಕಡಿಮೆ ಒಂದು ಸೆಮಿಸ್ಟರ್. 172 ಆಗದ ಮಾತು. ಈ ಲೆಕ್ಕವನ್ನು ಅಧ್ಯಾಯದಲ್ಲಿ ಇದ್ದಂತೆಯೇ ಬರೆಯಬೇಕು. ‘ಸಮಯದ ಅಭಾವದಿಂದ’ ಎಂಬ ಎರಡು ಪದದ ನೆಪಕ್ಕಿಂತ ಇದು ಎಷ್ಟೋ ಗಟ್ಟಿ. ಐವರಲ್ಲಿ ಒಬ್ಬರು ಸಿಗದಿರಬಹುದು ಅಥವಾ ಒಲ್ಲೆ ಎನ್ನಬಹುದು. ಹಾಗಾಗಿ ಪಟ್ಟಿಯಿಂದ 94 ಮಂದಿಯನ್ನು ಚೀಟಿ ಎತ್ತಿ ಆರಿಸಿಟ್ಟುಕೊಳ್ಳಬೇಕು. ಒಬ್ಬರು ಮನೆಯಲ್ಲಿಲ್ಲವೆಂದು ಪಕ್ಕದ ಮನೆಯವರನ್ನು ಕೇಳಿ ಬಂದರೆ ಚೀಟಿ ಎತ್ತಿದ್ದೇ ವ್ಯರ್ಥ.

ಶೇ 10ರ ಅಂತರಕ್ಕೆ ಒಂದು ಬೆಲೆಯಿದೆ. 75ರಲ್ಲಿ ಶೇ 60 ಮಂದಿ ‘ಹಣ ಉಳಿಯಿತು’ ಎಂದರೆ, ಆ 300 ಮಂದಿಯಲ್ಲಿ ನಿಜವಾದ ಪ್ರಮಾಣ ಶೇ 50ರಿಂದ 70ರ ನಡುವೆ ಎಲ್ಲಿಯಾದರೂ ಇರಬಹುದು. ಶೇ 55 ಬಂದರೆ ‘ಬಹುತೇಕರು’ ಎಂದು ಬರೆಯುವ ಹಾಗೇ ಇಲ್ಲ. ಅವರಲ್ಲಿ ಒಂಟಿಯಾಗಿ ಸಂಸಾರ ನಡೆಸುವ 25 ಮಂದಿಯನ್ನಷ್ಟೇ ಬೇರೆ ಮಾಡಿ ನೋಡಿದರೆ ಅಂತರ ಶೇ 20ರ ಆಸುಪಾಸಿಗೆ ಏರುತ್ತದೆ. ವಯಸ್ಸು, ಜಾತಿ, ಊರು ಎಂದು ಚೂರುಚೂರು ಮಾಡಿ ಹತ್ತಾರು ಕೋಷ್ಟಕ ಕೊಡುವ ರಿಪೋರ್ಟ್‌ಗಳು ಎಡವುವುದು ಇಲ್ಲಿ. ಇನ್ನೊಂದು ಮಾತು: ಚೀಟಿ ಎತ್ತದೆ ಸಿಕ್ಕವರನ್ನು ಕೇಳಿ, ಮೇಲೆ ಯಮಾನೆ ಸೂತ್ರ ಬರೆಯುವುದು ತಪ್ಪು. ಆ ಸೂತ್ರ ನಿಂತಿರುವುದೇ ಎಲ್ಲರಿಗೂ ಸಮಾನ ಅವಕಾಶವಿದ್ದ ಆಯ್ಕೆಯ ಮೇಲೆ.

ಇನ್ನು ಪ್ರಶ್ನೆಗಳು. ಗೂಗಲ್ ಫಾರ್ಮ್ ಕಳಿಸಿದರೆ ಸ್ವಂತ ಸ್ಮಾರ್ಟ್‌ಫೋನ್ ಇಲ್ಲದವರು, ಓದಲು ಕಷ್ಟಪಡುವವರು ಬಿಟ್ಟುಹೋಗುತ್ತಾರೆ. ಇಲ್ಲಿ ಸರಿಯಾದದ್ದು ಸಂದರ್ಶನ ಅನುಸೂಚಿ, ಅಂದರೆ ವಿದ್ಯಾರ್ಥಿನಿಯೇ ಪ್ರಶ್ನೆ ಓದಿ ಉತ್ತರ ಬರೆದುಕೊಳ್ಳುವುದು. ಸಾಮಾನ್ಯವಾಗಿ ಕಾಣುವ ಪ್ರಶ್ನೆ ಹೀಗಿರುತ್ತದೆ: ‘ಶಕ್ತಿ ಯೋಜನೆಯಿಂದ ನಿಮ್ಮ ಹಣ ಮತ್ತು ಸಮಯ ಉಳಿದಿದೆಯೇ?’ ಇದರಲ್ಲಿ ಎರಡು ಪ್ರಶ್ನೆಗಳಿವೆ. ಹಣ ಉಳಿದು, ರಶ್ಶಿನಿಂದ ಸಮಯ ಹಾಳಾದವಳು ಏನು ಹೇಳಬೇಕು? ಮೇಲಾಗಿ ‘ಹೌದು’ ಎನ್ನುವಂತೆ ಅದೇ ದಾರಿ ತೋರಿಸುತ್ತದೆ. ಬದಲಿಗೆ, ‘ಕಳೆದ ಸಲ ಕೆಲಸಕ್ಕೆ ಹೋದಾಗ ಹೇಗೆ ಹೋದಿರಿ?’, ‘ಮನೆಯಿಂದ ಎಷ್ಟು ಹೊತ್ತಿಗೆ ಹೊರಟಿರಿ?’, ‘ಬಸ್‌ಚಾರ್ಜಿಗೆ ಏನಾದರೂ ಖರ್ಚಾಯಿತೇ?’ ಎಂದು ಬಿಡಿಬಿಡಿಯಾಗಿ ಕೇಳಬೇಕು. ‘ತಿಂಗಳಿಗೆ ಸರಾಸರಿ ಎಷ್ಟು ಉಳಿತಾಯ’ ಎಂದು ಕೇಳಿದರೆ ಬಾಯಿಗೆ ಬಂದ ಅಂಕಿ ಬರುತ್ತದೆ. ಮೊನ್ನೆಯ ಒಂದು ಪ್ರಯಾಣ ಮಾತ್ರ ನೆನಪಿರುತ್ತದೆ.

ಪಟ್ಟಿಯ ಹೊರಗಿನ ಏಳೆಂಟು ಮಂದಿಯ ಹತ್ತಿರ ಮೊದಲೇ ಈ ಪ್ರಶ್ನೆಗಳನ್ನು ಪರೀಕ್ಷಿಸಬೇಕು. ಎಲ್ಲರೂ ಒಂದೇ ಉತ್ತರ ಕೊಟ್ಟರೆ, ‘ಹಂಗಂದ್ರೆ ಏನಮ್ಮಾ?’ ಎಂದು ಇಬ್ಬರು ಕೇಳಿದರೆ, ಪ್ರಶ್ನೆ ಕೆಟ್ಟಿದೆ ಎಂದರ್ಥ. ಯಾವ ಪ್ರಶ್ನೆಯನ್ನು ಏಕೆ ತಿದ್ದಿದೆ ಎಂಬ ಅರ್ಧ ಪುಟ ಅಧ್ಯಾಯದಲ್ಲಿದ್ದರೆ, ಇವಳು ನಿಜವಾಗಿ ಬೀದಿಗೆ ಇಳಿದಿದ್ದಳು ಎಂದು ಪರೀಕ್ಷಕರಿಗೆ ನಂಬಿಕೆ ಬರುತ್ತದೆ.

‘ಉತ್ತರದಾತರ ಮಾಹಿತಿಯನ್ನು ಗೌಪ್ಯವಾಗಿಡಲಾಗುವುದು’ ಎಂಬ ಒಂದೇ ಸಾಲಿನಲ್ಲಿ ನೈತಿಕ ಎಚ್ಚರಿಕೆಯನ್ನು ಮುಗಿಸಿಬಿಡುವುದು ನನಗೆ ತೀರಾ ಬೇಸರ ತರಿಸುವ ಸಂಗತಿ. ಈ ಹೆಂಗಸರು ಕಳೆದುಕೊಳ್ಳಬಹುದಾದದ್ದು ಕೆಲಸ. ಬಸ್ಸಿನ ಮಾತು ಓವರ್‌ಟೈಮ್‌ಗೆ, ಅಲ್ಲಿಂದ ಸೂಪರ್‌ವೈಸರ್‌ನ ಬೈಗುಳಕ್ಕೆ ತಿರುಗುವುದು ತಡವಿಲ್ಲ. ಅದೆಲ್ಲ ಹೊರಬಿದ್ದರೆ ಹೇಳಿದವಳಿಗೇ ತೊಂದರೆ. ಹೆಸರು ತೆಗೆದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ‘ಕುಣಿಗಲ್ ಕಡೆಯ, 43 ವರ್ಷದ, ಕಾಲರ್ ಹೊಲಿಯುವ ವಿಧವೆ’ ಎಂದು ಬರೆದರೆ ಆ ಲೈನಿನಲ್ಲಿ ಅವಳು ಒಬ್ಬಳೇ ಇರಬಹುದು. ವಯಸ್ಸನ್ನು ‘40ರಿಂದ 50’ ಎಂದೂ ಕೆಲಸವನ್ನು ‘ಟೈಲರ್’ ಎಂದೂ ಬರೆದು, ಊರನ್ನು ಬಿಟ್ಟುಬಿಡಬೇಕು. ಮನೆಯ ಗುರುತು, ಫೋನ್ ನಂಬರ್ ಇರುವ ಹಾಳೆ ಉತ್ತರಗಳ ಜೊತೆ ಇರಬಾರದು. ಕೆಲಸ ಮುಗಿದ ಮೇಲೆ ಅದನ್ನು ಹರಿದುಹಾಕಬೇಕು.

ಒಪ್ಪಿಗೆಯೂ ಅಷ್ಟೆ. ಇಂಗ್ಲಿಷ್ ಫಾರ್ಮಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ‘ನಾನು ಕಾಲೇಜಿನಿಂದ ಬಂದಿದ್ದೀನಿ ಅಕ್ಕ, ಸರ್ಕಾರದವಳೂ ಅಲ್ಲ, ಕಂಪನಿಯವಳೂ ಅಲ್ಲ. ಇದರಿಂದ ನಿಮಗೆ ಯಾವ ಸೌಲಭ್ಯವೂ ಬರಲ್ಲ. ಬೇಡ ಅನ್ನಿಸಿದರೆ ಮಧ್ಯದಲ್ಲೇ ನಿಲ್ಲಿಸಬಹುದು’ ಎಂದು ಬಾಯಲ್ಲಿ ಹೇಳಿ, ಅವರು ಒಪ್ಪಿದ್ದನ್ನು ದಿನಾಂಕದೊಡನೆ ಗುರುತು ಹಾಕಿಕೊಂಡರೆ ಅದು ಒಪ್ಪಿಗೆ. ಸೌಲಭ್ಯ ಬರುವುದಿಲ್ಲ ಎಂಬ ಮಾತನ್ನು ಬಿಡಲೇಬಾರದು. ಹಾಳೆ, ಪೆನ್ನು ಹಿಡಿದು ಬಂದವರನ್ನು ಕಂಡರೆ ನಮ್ಮ ಬೀದಿಗಳಲ್ಲಿ ಜನ ಮೊದಲು ನಿರೀಕ್ಷಿಸುವುದು ಏನೋ ಒಂದು ಯೋಜನೆಯನ್ನು. ಆ ಆಸೆಯಿಂದ ಬಂದ ಉತ್ತರ ನಿಜವೂ ಅಲ್ಲ, ನ್ಯಾಯವಾಗಿ ಪಡೆದದ್ದೂ ಅಲ್ಲ.

ವೈವಾಕ್ಕೆ ಕೂರುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಪೈ ಚಾರ್ಟ್‌ಗಳನ್ನು ನೋಡುವ ಮೊದಲು ತಿದ್ದಿದ ಪ್ರಶ್ನೆಗಳ ಹಾಳೆಯನ್ನು, ಚೀಟಿ ಎತ್ತಿದ ಬಗೆಯನ್ನು ಕೇಳಿ. ಮಾತನಾಡಲು ಒಪ್ಪದವರು ಎಷ್ಟು ಮಂದಿ ಎಂದೂ ಕೇಳಿ. ಯಾರೂ ನಿರಾಕರಿಸಲಿಲ್ಲ ಎಂದು ವಿದ್ಯಾರ್ಥಿ ಹೇಳಿದರೆ, ಒಪ್ಪಿಗೆ ಕೇಳಿದ್ದು ಹೇಗೆ ಎಂದು ಇನ್ನೊಮ್ಮೆ ವಿಚಾರಿಸಿ.